ಸಿಒಡಿ ನಿಲ್ಲಿಸೋ ಮೊದಲು ದಿನದ ಲೆಕ್ಕ ನೋಡಿ

"ಸಾಗರದಿಂದ ಅಪ್ಪೆಮಿಡಿ ಉಪ್ಪಿನಕಾಯಿ ಆನ್‌ಲೈನ್‌ನಲ್ಲಿ ಮಾರ್ತೀವಿ. ಪಾರ್ಸೆಲ್ ಹೊರಡೋ ಮೊದಲೇ ಸಿಒಡಿ ಆರ್ಡರ್‌ಗಳು ಜಾಸ್ತಿ ಕ್ಯಾನ್ಸಲ್ ಆಗ್ತಿವೆ. ಸಿಒಡಿ ತೆಗೆದುಬಿಡಲಾ?"

ಈಗಲೇ ಬೇಡ ಸರ್. ನಾನು ತೀರ್ಥಹಳ್ಳಿಯಿಂದ ಜೇನುತುಪ್ಪ ಕಳಿಸ್ತೀನಿ, ನನಗೂ ಹೀಗೇ ಅನಿಸಿತ್ತು. ಪಾವತಿ ವಿಧಾನದ ಜೊತೆ, ನೀವು ಎಷ್ಟು ದಿನಕ್ಕೆ ತಲುಪಿಸ್ತೀವಿ ಅಂದಿದ್ರಿ ಅನ್ನೋದನ್ನೂ ಇಟ್ಟು ಪಿವಟ್ ಟೇಬಲ್ ಮಾಡಿ.

ಒಂದು ಲೆಕ್ಕ ಹಿಡಿಯೋಣ. ಸಿಒಡಿ 400 ಆರ್ಡರ್, ಅದರಲ್ಲಿ 68 ಕ್ಯಾನ್ಸಲ್, ಅಂದ್ರೆ ಶೇ. 17. ಮುಂಗಡ ಪಾವತಿಯದ್ದೂ 400, ಕ್ಯಾನ್ಸಲ್ 39, ಶೇ. 10ರ ಹತ್ತಿರ. ಈಗ ಒಡೆದು ನೋಡಿ. 7 ದಿನ ಅಂದಿದ್ದರಲ್ಲಿ ಸಿಒಡಿ 300ಕ್ಕೆ 60, ಮುಂಗಡ 100ಕ್ಕೆ 18. 3 ದಿನ ಅಂದಿದ್ದರಲ್ಲಿ ಸಿಒಡಿ 100ಕ್ಕೆ 8, ಮುಂಗಡ 300ಕ್ಕೆ 21. ಶೇ. 20ಕ್ಕೆ 18, 8ಕ್ಕೆ 7; ಅಂತರ ಅಷ್ಟೇ! ದೂರದ ಹಳ್ಳಿ ವಿಳಾಸಗಳಿಗೆ ದಿನವೂ ಜಾಸ್ತಿ, ಅಲ್ಲಿಯವರು ಸಿಒಡಿ ಆರಿಸೋದೂ ಜಾಸ್ತಿ ಆದಾಗ ಹೀಗಾಗುತ್ತೆ. ಇಲ್ಲಿ ಸಿಒಡಿ ತೆಗೆದರೆ ಆ ಗಿರಾಕಿಗಳೇ ಹೋಗ್ತಾರೆ.

ಎರಡು ಕಡೆ ಎಡವಬೇಡಿ. ಮಳೆಗಾಲದಲ್ಲಿ ದಿನಾಂಕ ಮುಂದೂಡಿದ್ದರೆ ಶೀಟ್‌ನಲ್ಲಿ ಹೊಸದೇ ಉಳಿದಿರುತ್ತೆ. ಗಿರಾಕಿ ಆರ್ಡರ್ ಹಾಕುವಾಗ ನೋಡಿದ ದಿನಾಂಕವೇ ಬೇಕು. ಇನ್ನೊಂದು, ನಿಮ್ಮಲ್ಲೇ ನಾಲ್ಕು ದಿನ ಕೂತ ಆರ್ಡರ್‌ಗೆ ಕ್ಯಾನ್ಸಲ್ ಮಾಡೋಕೆ ಅಷ್ಟು ಹೆಚ್ಚು ಹೊತ್ತು ಸಿಕ್ಕಿರುತ್ತೆ. ಹಾಗಾಗಿ ಮೊದಲ 24 ಗಂಟೆಯ ಕ್ಯಾನ್ಸಲ್ ಬೇರೆ ಎಣಿಸಿ, ಅಷ್ಟರೊಳಗೆ ಹೊರಟ ಪಾರ್ಸೆಲ್ ಬಿಟ್ಟು. ಅಲ್ಲಿ ದಿನದ ಅಂತರ ಕರಗಿದರೆ ಬಾಟಲಿ ಬೇಗ ಪ್ಯಾಕ್ ಮಾಡೋದೇ ಮದ್ದು. ಅಲ್ಲೂ ಉಳಿದರೆ, ತೋರಿಸುವ ದಿನವೇ ಗಿರಾಕಿಯನ್ನ ಹಿಂದೆಗೆಸ್ತಿದೆ.