ಡೇಕೇರ್ ಶುಲ್ಕ: ತಿಂಗಳ ಮೊತ್ತದ ಹಿಂದಿರುವ ಲೆಕ್ಕ

ಪ್ರಶ್ನೆ: ಮಂಗಳೂರಿನಲ್ಲಿ ಎರಡು ಡೇಕೇರ್ ನೋಡಿದ್ದೇವೆ. ಒಂದಕ್ಕೆ ತಿಂಗಳಿಗೆ 6,500 ರೂ. (9ರಿಂದ 5, ಊಟ ಮನೆಯಿಂದ). ಇನ್ನೊಂದಕ್ಕೆ 9,500 ರೂ. (8.30ರಿಂದ 6.30, ಊಟ ಸೇರಿ). ಮಗಳಿಗೆ ಒಂದೂವರೆ ವರ್ಷ. ನಮಗೆ ವಾರಕ್ಕೆ ಐದು ದಿನ, ಬೆಳಿಗ್ಗೆ 8.30ರಿಂದ ಸಂಜೆ 6ರವರೆಗೆ ಬೇಕು. ಯಾವುದು ಲಾಭ?

ಉತ್ತರ: ನಾನು ಇಲ್ಲಿಯದೇ ಒಂದು ಮಕ್ಕಳ ಪಾಲನಾ ಕೇಂದ್ರದ ಲೆಕ್ಕಪತ್ರ ನೋಡಿಕೊಳ್ಳುವವಳು. ಆ ಕಡೆಯಿಂದಲೇ ಹೇಳುತ್ತೇನೆ. ನೀವು ಬರೆದಿರುವ ಎರಡು ಮೊತ್ತಗಳು ಒಂದೇ ಸೇವೆಯ ಬೆಲೆಗಳಲ್ಲವಾದ್ದರಿಂದ ಅವುಗಳನ್ನು ನೇರವಾಗಿ ಹೋಲಿಸಲಾಗದು. ಮೊದಲು ಎರಡನ್ನೂ ನಿಮಗೆ ಬೇಕಾದ ಒಂಬತ್ತೂವರೆ ಗಂಟೆಗೆ ತಂದು ನಿಲ್ಲಿಸಬೇಕು.

ತಿಂಗಳಿಗೆ 22 ಕೆಲಸದ ದಿನ ಎಂದುಕೊಂಡರೆ ನಿಮಗೆ ಬೇಕಿರುವುದು 209 ಗಂಟೆ. ಮೊದಲ ಕೇಂದ್ರದಲ್ಲಿ ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಒಂದು ಗಂಟೆ ಹೆಚ್ಚುವರಿಯಾಗುತ್ತದೆ. ಹೆಚ್ಚುವರಿ ಗಂಟೆಗೆ 80 ರೂಪಾಯಿ ಎಂದು ಇಟ್ಟುಕೊಳ್ಳೋಣ. ನಿಮಗೆ ಅವರು ಹೇಳಿದ ದರವನ್ನು ಆ ಜಾಗದಲ್ಲಿ ಹಾಕಿಕೊಳ್ಳಿ. ಅರ್ಧ ಗಂಟೆಯನ್ನು ಅರ್ಧವೆಂದೇ ಹಿಡಿದರೆ ದಿನಕ್ಕೆ 120, ತಿಂಗಳಿಗೆ 2,640 ರೂಪಾಯಿ ಸೇರಿ ಒಟ್ಟು 9,140 ಆಗುತ್ತದೆ. ಅರ್ಧ ಗಂಟೆಯನ್ನೂ ಪೂರ್ತಿ ಗಂಟೆಯೆಂದೇ ಹಿಡಿಯುವ ಪದ್ಧತಿ ಅಲ್ಲಿದ್ದರೆ ದಿನಕ್ಕೆ 160, ತಿಂಗಳಿಗೆ 3,520 ಸೇರಿ 10,020ಕ್ಕೆ ಹೋಗುತ್ತದೆ. ಅಂದರೆ ಮೊದಲನೆಯದು ಗಂಟೆಗೆ ಸುಮಾರು 44ರಿಂದ 48 ರೂಪಾಯಿ, ಎರಡನೆಯದು 45 ರೂಪಾಯಿಗೆ ಸ್ವಲ್ಪ ಹೆಚ್ಚು. ಮೂರು ಸಾವಿರದ ಅಂತರ ಇಲ್ಲಿಗೇ ಮುಗಿಯಿತು. ಪ್ರವೇಶ ಶುಲ್ಕ ಒಮ್ಮೆ ಮಾತ್ರವೋ ಪ್ರತಿ ವರ್ಷವೋ ಎಂದು ಕೇಳಿ, ಪ್ರತಿ ವರ್ಷದ್ದಾದರೆ ಹನ್ನೆರಡರಿಂದ, ಒಮ್ಮೆ ಮಾತ್ರವಾದರೆ ಮಗಳು ಅಲ್ಲಿ ಇರುವ ಒಟ್ಟು ತಿಂಗಳುಗಳಿಂದ ಭಾಗಿಸಿ ಇದಕ್ಕೆ ಸೇರಿಸಿಕೊಳ್ಳಿ.

ಊಟದ ವಿಚಾರವನ್ನು ಹಣಕ್ಕಿಂತ ಬೇರೆ ರೀತಿಯಲ್ಲಿ ನೋಡಬೇಕೆಂಬುದು ನನ್ನ ಅಭಿಪ್ರಾಯ. ಒಂದೂವರೆ ವರ್ಷದ ಮಗು ತಿನ್ನುವ ಅನ್ನ, ತರಕಾರಿ, ಹಣ್ಣುಗಳಿಗೆ ದಿನಕ್ಕೆ 40-50 ರೂಪಾಯಿ ಹಿಡಿದರೂ ತಿಂಗಳಿಗೆ ಸಾವಿರದ ಆಸುಪಾಸು. ಆದರೆ ಬೆಳಿಗ್ಗೆ ಏಳಕ್ಕೆ ಡಬ್ಬಿಗೆ ಹಾಕಿದ ಅನ್ನ ನಮ್ಮ ಕರಾವಳಿಯ ಏಪ್ರಿಲ್-ಮೇ ಸೆಕೆಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಹೇಗಿರುತ್ತದೆ ಎಂಬುದು ನಿಮಗೇ ಗೊತ್ತು. ಆದ್ದರಿಂದ ಮನೆಯ ಊಟ ತರಲು ಹೇಳುವ ಕೇಂದ್ರದಲ್ಲಿ ಫ್ರಿಜ್ ಇದೆಯೇ, ಬಿಸಿ ಮಾಡಿ ಕೊಡುತ್ತಾರೆಯೇ ಎಂಬುದನ್ನು ನೋಡಬೇಕು. ಊಟ ಸೇರಿದೆ ಎನ್ನುವ ಕೇಂದ್ರದಲ್ಲಿ, ಆ ಮಾತಿನಲ್ಲಿ ಏನೇನು ಸೇರಿದೆ ಎಂದು ವಿಚಾರಿಸಬೇಕು; ಕೆಲವೆಡೆ ಮಧ್ಯಾಹ್ನದ ಅನ್ನ ಸಾರು ಮಾತ್ರ ಅವರದ್ದು, ಹಾಲು, ಹಣ್ಣು, ಸಂಜೆಯ ತಿಂಡಿ ನಮ್ಮದೇ. ಮನೆಯಲ್ಲಿ ಕುಚ್ಚಲಕ್ಕಿ ಗಂಜಿ ಉಂಡು ರೂಢಿಯಾದ ಮಗು ಅಲ್ಲಿನ ಬೆಳ್ತಿಗೆ ಅನ್ನವನ್ನು ಮೊದಲ ವಾರಗಳಲ್ಲಿ ಅಷ್ಟಾಗಿ ಉಣ್ಣದಿರುವುದೂ ಉಂಟು. ಅದಕ್ಕಾಗಿ ಕೇಂದ್ರವನ್ನು ದೂರಬೇಕಾಗಿಲ್ಲ. ಆದರೆ ಮಗು ಎಷ್ಟು ಉಂಡಿತೆಂದು ದಿನವೂ ಬರೆದು ತಿಳಿಸುವವರು ಯಾರು ಎಂದು ಕೇಳಿಡುವುದು ಒಳ್ಳೆಯದು.

ಎರಡು ಕೇಂದ್ರಗಳ ನಡುವೆ ನಿಜವಾದ ವ್ಯತ್ಯಾಸ ಇರುವುದು ಎಷ್ಟು ಮಕ್ಕಳಿಗೆ ಒಬ್ಬ ಆಯಾ ಎಂಬಲ್ಲಿ. ನಿಮ್ಮ ಪ್ರಶ್ನೆಯಲ್ಲಿ ಆ ವಿವರ ಇಲ್ಲ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾದ ಮೇಲೆ ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2018ರಲ್ಲಿ ಶಿಶುಪಾಲನಾ ಕೇಂದ್ರಗಳಿಗೆ ಕನಿಷ್ಠ ಮಾರ್ಗಸೂಚಿಯನ್ನು ಹೊರಡಿಸಿತು. ಮೂರು ವರ್ಷದೊಳಗಿನ ಪ್ರತಿ 10 ಮಕ್ಕಳಿಗೆ ಒಬ್ಬ ತರಬೇತಿ ಪಡೆದ ಕಾರ್ಯಕರ್ತೆ, ಮೂರು ದಾಟಿದ ಮಕ್ಕಳಾದರೆ 20ಕ್ಕೆ ಒಬ್ಬರು, ಜೊತೆಗೆ ಸಹಾಯಕಿ ಇರಬೇಕೆಂದು ಅದು ಹೇಳುತ್ತದೆ. ಇಂಗ್ಲೆಂಡಿನಲ್ಲಿ ಎರಡು ವರ್ಷದೊಳಗಿನ ಮೂರು ಮಕ್ಕಳಿಗೆ ಒಬ್ಬರು ಇರಲೇಬೇಕು. ಹತ್ತಕ್ಕೆ ಒಬ್ಬರೆಂಬುದು ಕನಿಷ್ಠ ಮಟ್ಟವೇ ಹೊರತು, ಇನ್ನೂ ಒರೆಸಿ ತೊಳೆಯಬೇಕಾದ, ಕೈತುತ್ತು ಉಣ್ಣಬೇಕಾದ ವಯಸ್ಸಿನ ಮಗುವಿಗೆ ಅದು ನೆಮ್ಮದಿಯ ಸಂಖ್ಯೆಯಲ್ಲ. ಐದು ಅಥವಾ ಆರು ಮಕ್ಕಳಿಗೆ ಒಬ್ಬರಿದ್ದರೆ ಸಾಕೆಂದು ನಾನು ಹೇಳುತ್ತೇನೆ. (ಅಂದಹಾಗೆ, 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಸೌಲಭ್ಯ ಒದಗಿಸಬೇಕೆಂಬ ನಿಯಮ ಅದೇ ತಿದ್ದುಪಡಿಯಲ್ಲಿ ಬಂದದ್ದು. ನಿಮ್ಮ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ.)

ಕೇಂದ್ರದವರು ಹೇಳುವ ಅನುಪಾತವನ್ನು ಪರೀಕ್ಷಿಸಲು ಸರಳವಾದ ಲೆಕ್ಕವೊಂದಿದೆ. ಒಬ್ಬ ಆಯಾಳಿಗೆ ತಿಂಗಳಿಗೆ 12,000 ರೂಪಾಯಿ ಸಂಬಳ ಎಂದುಕೊಳ್ಳಿ. ಆಕೆಯ ಕೆಲಸ ದಿನಕ್ಕೆ ಎಂಟು ಗಂಟೆ, ಕೇಂದ್ರ ತೆರೆದಿರುವುದು ಹತ್ತು ಗಂಟೆ. ಹಾಗಾಗಿ ಇಡೀ ದಿನ ಒಬ್ಬರು ಇರಬೇಕಾದರೆ ಒಂದೂಕಾಲು ಸಂಬಳ, ಅಂದರೆ 15,000 ಬೇಕು. ಅದನ್ನು ಹತ್ತು ಮಕ್ಕಳಿಗೆ ಹಂಚಿದರೆ ತಲಾ 1,500, ಐದಕ್ಕೆ ಹಂಚಿದರೆ 3,000, ನಾಲ್ಕಕ್ಕೆ ಹಂಚಿದರೆ 3,750. ಬಾಡಿಗೆ, ಅಡುಗೆ, ವಿದ್ಯುತ್ತು ಇವೆಲ್ಲ ಇದರ ಮೇಲೆ. ದಿನಕ್ಕೆ ಹತ್ತು ಗಂಟೆ ನೋಡಿಕೊಳ್ಳಲು ತಿಂಗಳಿಗೆ 5,000 ರೂಪಾಯಿ ಪಡೆದು ನಾಲ್ಕು ಮಕ್ಕಳಿಗೆ ಒಬ್ಬರೆಂದು ಯಾರಾದರೂ ಹೇಳಿದರೆ, ಅಡುಗೆಯವರು, ಕಸ ಗುಡಿಸುವವರು, ಕಚೇರಿಯಲ್ಲಿ ಕೂರುವ ಮೇಡಂ ಎಲ್ಲರನ್ನೂ ಎಣಿಸಿರುತ್ತಾರೆ ಎಂದೇ ತಿಳಿಯಬೇಕು. ಬೆಳಗಿನ ಹೊತ್ತು ಪ್ಲೇಹೋಂ ತರಗತಿ ನಡೆಸುವ ಟೀಚರ್‌ರನ್ನು ಪ್ಲೇಹೋಂ, ಡೇಕೇರ್ ಎರಡೂ ಕಡೆ ಎಣಿಸುವುದು ಇನ್ನೊಂದು ರೂಢಿ. ನಿಮ್ಮ ಎರಡನೆಯ ಕೇಂದ್ರದ 9,500ರಲ್ಲಿ ಐದಕ್ಕೆ ಒಬ್ಬರನ್ನು ಇಡುವಷ್ಟು ಹಣ ಇದೆ. ಅವರು ಇಟ್ಟಿದ್ದಾರೆಯೇ ಎಂಬುದನ್ನು ಮಾತ್ರ ಹೋಗಿಯೇ ನೋಡಬೇಕು.

ನೋಡುವ ಹೊತ್ತು ಮುಖ್ಯ. ಹನ್ನೊಂದು ಗಂಟೆಗೆ ಹೋದರೆ ಎಲ್ಲ ಕೇಂದ್ರಗಳೂ ಚೆನ್ನಾಗಿಯೇ ಕಾಣುತ್ತವೆ. ಹನ್ನೆರಡೂಕಾಲಿಗೆ ಹೋಗಿ, ಚಿಕ್ಕ ಮಕ್ಕಳಿಗೆ ಕೈಯಾರೆ ಉಣಿಸುವವರು ಎಷ್ಟು ಮಂದಿ, ಅದೇ ಹೊತ್ತಿಗೆ ಒಂದು ಮಗುವಿನ ಬಟ್ಟೆ ಬದಲಿಸಬೇಕಾಗಿ ಬಂದರೆ ಉಳಿದವರ ಬಳಿ ಯಾರು ಉಳಿಯುತ್ತಾರೆ ಎಂದು ನೋಡಿ. ಇನ್ನೊಂದು ದಿನ ತಿಳಿಸದೆ ಸಂಜೆ ಐದೂಕಾಲಿಗೆ ಹೋಗಿ. ಐದು ಗಂಟೆಗೇ ಹೆಚ್ಚಿನ ಸಿಬ್ಬಂದಿ ಮನೆಗೆ ಹೊರಟಿರುತ್ತಾರೆ, ಶಾಲೆ ಬಿಟ್ಟು ಬಂದ ದೊಡ್ಡ ಮಕ್ಕಳು ಅದೇ ಕೋಣೆಯಲ್ಲಿ ಓಡಾಡುತ್ತಿರುತ್ತಾರೆ, ನಿಮ್ಮ ಮಗಳು ಅಲ್ಲಿ ಇನ್ನೂ ಮುಕ್ಕಾಲು ಗಂಟೆ ಇರಬೇಕಾಗಿರುತ್ತದೆ. ಗೋಡೆಯ ಮೇಲೆ ಬರೆದ ಅನುಪಾತಕ್ಕಿಂತ ಆ ಹೊತ್ತಿನ ಅನುಪಾತವೇ ನಿಮಗೆ ಲೆಕ್ಕ.

ನಮ್ಮ ಜಿಲ್ಲೆಗೆ ಸಂಬಂಧಿಸಿದ ಇನ್ನೊಂದು ಸಂಗತಿಯಿದೆ. ಜೂನ್-ಜುಲೈಯಲ್ಲಿ ಜೋರು ಮಳೆಯೆಂದು ಜಿಲ್ಲಾಧಿಕಾರಿಗಳು ಶಾಲೆ, ಅಂಗನವಾಡಿಗಳಿಗೆ ರಜೆ ಕೊಟ್ಟ ದಿನ ನಿಮ್ಮ ಕಚೇರಿಗೆ ರಜೆ ಇರುವುದಿಲ್ಲ. ಆ ದಿನ ಕೇಂದ್ರ ತೆರೆದಿರುತ್ತದೆಯೇ, ಮುಚ್ಚಿದರೆ ಶುಲ್ಕದಲ್ಲಿ ಕಡಿತವಿದೆಯೇ ಎಂದು ಬರೆಹದಲ್ಲಿ ಪಡೆದುಕೊಳ್ಳಿ.

ಸಂಜೆ ಐದರ ನಂತರ ಎರಡನೆಯ ಕೇಂದ್ರದಲ್ಲಿ ಮಕ್ಕಳ ಜೊತೆಯಲ್ಲೇ ಇರುವವರು ಕನಿಷ್ಠ ಇಬ್ಬರಿದ್ದರೆ ನಾನು ಅದನ್ನೇ ಆರಿಸುತ್ತೇನೆ. ಒಬ್ಬರೇ ಇದ್ದು, ಅವರೇ ಬಾಗಿಲು ತೆರೆದು ಪಾಲಕರನ್ನೂ ಮಾತನಾಡಿಸುತ್ತಿದ್ದರೆ, ಮೊದಲನೆಯ ಕೇಂದ್ರಕ್ಕೆ ಹಿಂತಿರುಗಿ, ಅಲ್ಲಿ ಸಂಜೆ ಯಾರಿರುತ್ತಾರೆಂದು ಅದೇ ರೀತಿ ನೋಡಿ. ಅಲ್ಲಿಯ ಸ್ಥಿತಿ ಉತ್ತಮವಾಗಿದ್ದರೆ ಹೆಚ್ಚುವರಿ ಒಂದೂವರೆ ಗಂಟೆಯನ್ನು ಗಂಟೆಯ ಲೆಕ್ಕದಲ್ಲಿ ಬೇಡ, ತಿಂಗಳಿಗೆ ಇಷ್ಟೆಂದು ನಿಗದಿ ಮಾಡಿಕೊಡಿ ಎಂದು ಕೇಳಿ. 2,000ಕ್ಕೆ ಒಪ್ಪಿದರೆ ಒಟ್ಟು 8,500 ಆಗುತ್ತದೆ. ಊಟದ ಸಾವಿರ ಸೇರಿದರೂ ಎರಡನೆಯದರಷ್ಟೇ ಬೀಳುತ್ತದೆ.