ನೋವಿನ ಗುಳಿಗೆ ಬರೆದ ದಿನವೇ ಮಲ ಸಡಿಲಿಸುವ ಔಷಧ ಯಾಕೆ ಬರೆಯಲಿಲ್ಲ?

ಪ್ರಶ್ನೆ: ನಮ್ಮವ್ವಗ 62 ವರ್ಷ. ಬೆಳಗಾವಿಯೊಳಗ ಮೊಣಕಾಲ ಕೀಲು ಬದಲಿಸಿ ಐದು ದಿನ ಆತು, ಅವತ್ತಿಂದ ಸಂಡಾಸ ಆಗಿಲ್ಲ. ಗಾಳಿ ಹೋಗತೈತಿ, ವಾಂತಿ ಇಲ್ಲ, ಹೊಟ್ಟಿ ಉಬ್ಬಿಲ್ಲ. ಟ್ರಾಮಡಾಲ್-ಪ್ಯಾರಾಸಿಟಮಾಲ್ ಕೂಡಿದ ಗುಳಿಗಿ ದಿನಕ್ಕ ಮೂರು ನಡದಾವು. ರಾತ್ರಿ ಇಸಬಗೋಲ ಕೊಡಾಕತ್ತೇವಿ. ಔಡಲ ಎಣ್ಣಿ ಕುಡಿಸಬೇಕೇನು? (ಬಾಗಲಕೋಟೆ)

ಉತ್ತರ: ಬೇಡ. ಇಸಬಗೋಲನ್ನೂ ಇವತ್ತೇ ನಿಲ್ಲಿಸಿ. ಐದನೇ ದಿನಕ್ಕೆ ಅರಿವಳಿಕೆಯನ್ನು ದೂರಿ ಉಪಯೋಗವಿಲ್ಲ, ಈಗ ಕರುಳನ್ನು ಕಟ್ಟಿಹಾಕಿರುವುದು ಟ್ರಾಮಡಾಲ್. ಅದು ಕರುಳಿನ ಅಲೆಯನ್ನು ನಿಧಾನ ಮಾಡುತ್ತದೆ. ಮಲ ನಿಂತಲ್ಲೇ ನಿಂತು, ನೀರು ಇಂಗಿ ಗಟ್ಟಿಯಾಗುತ್ತದೆ. ಅಲುಗದ ಕರುಳಿಗೆ ಇಸಬಗೋಲ ತುಂಬಿದರೆ ರಾಶಿ ದೊಡ್ಡದಾಗುತ್ತದೆ ಅಷ್ಟೇ. ಔಡಲ ಎಣ್ಣೆ ಹೊಟ್ಟೆ ನುಲಿಸಿ ಓಡಿಸುತ್ತದೆ. ಹೊಸ ಕೀಲಿನವರು ಸಂಡಾಸಕ್ಕೆ ಓಡುವುದೆಂದರೆ ಬೀಳುವುದೆಂದೇ ಅರ್ಥ.

ಆಪರೇಷನ್ ಮಾಡಿದ ವೈದ್ಯರಿಗೆ ಫೋನ್ ಮಾಡಿ, ಇವನ್ನು ಕೊಡಬಹುದೇ ಎಂದು ಕೇಳಿ. ರಾತ್ರಿ ಕರುಳನ್ನು ಅಲುಗಿಸುವ ಬಿಸಾಕೊಡಿಲ್ 5 ಮಿ.ಗ್ರಾಂನ ಎರಡು ಗುಳಿಗೆ, ನೀರಿನ ಜೊತೆ, ಅಗಿಯದೆ. ಹಾಲಿನೊಂದಿಗೆ ಬೇಡ, ಮೇಲಿನ ಲೇಪ ಹೊಟ್ಟೆಯಲ್ಲೇ ಕರಗಿ ನೋವು ಕೊಡುತ್ತದೆ. 6ರಿಂದ 12 ಗಂಟೆಯಲ್ಲಿ ಕೆಲಸ ಮಾಡುತ್ತದೆ. ಜೊತೆಗೆ ಲ್ಯಾಕ್ಟುಲೋಸ್ 15 ಮಿ.ಲೀ. ದಿನಕ್ಕೆರಡು ಸಲ. ಇದು ಮಲದೊಳಗೆ ನೀರು ಹಿಡಿದಿಡುತ್ತದೆ, ಆದರೆ ಫಲಕ್ಕೆ ಒಂದೆರಡು ದಿನ ಬೇಕು. ಒಂದೇ ಚಮಚ ಕೊಟ್ಟು "ಕೆಲಸ ಮಾಡಲಿಲ್ಲ" ಅನ್ನಬೇಡಿ. ಟ್ರಾಮಡಾಲ್ ಇರುವಷ್ಟು ದಿನ ಇದೂ ಇರಲಿ. ಬೆಳಗ್ಗೆ ತಿಂಡಿಯಾದ ಅರ್ಧ ಗಂಟೆಗೆ ಕಮೋಡ್ ಮೇಲೆ ಕೂರಿಸಿ, ಕರುಳು ಆಗ ತಾನಾಗಿಯೇ ತಳ್ಳುತ್ತದೆ. ಆಗಲೂ ಆಗದಿದ್ದರೆ ಗುದದ್ವಾರದಲ್ಲಿಡುವ ಬಿಸಾಕೊಡಿಲ್ 10 ಮಿ.ಗ್ರಾಂ ಒಂದು. ಅದಕ್ಕೂ ಜಗ್ಗದಿದ್ದರೆ ಆಸ್ಪತ್ರೆಗೆ ಹೋಗಿ. ಇಷ್ಟು ದಿನದ ಮೇಲೆ ತೆಳ್ಳಗೆ ನೀರಿನಂತೆ ಸೋರಿದರೆ ಭೇದಿ ಎಂದುಕೊಂಡು ನಿಲ್ಲಿಸುವ ಔಷಧ ಕೊಡಬೇಡಿ. ಗಟ್ಟಿ ಮಲದ ಪಕ್ಕದಿಂದ ಜಾರುತ್ತಿರುತ್ತದೆ.

ನೋವಿಗೆ ಬರೀ ಪ್ಯಾರಾಸಿಟಮಾಲ್ 650 ಮಿ.ಗ್ರಾಂ ದಿನಕ್ಕೆ ನಾಲ್ಕು ಸಲ ಸಾಕಾಗುತ್ತದೆಯೇ, ಟ್ರಾಮಡಾಲನ್ನು ವ್ಯಾಯಾಮಕ್ಕೆ ಮುಂಚೆ ಮಾತ್ರ ಇಟ್ಟುಕೊಳ್ಳಬಹುದೇ ಎಂದೂ ಅವರನ್ನೇ ಕೇಳಿ. ಈಗಿನ ಗುಳಿಗೆಯಲ್ಲೂ ಪ್ಯಾರಾಸಿಟಮಾಲ್ ಇದೆ, ಎರಡರ ಲೆಕ್ಕ ಕೂಡಿಸಿ. ಮೆಡಿಕಲ್‌ನವರು ಕೊಟ್ಟರೂ ಡೈಕ್ಲೋಫಿನಾಕ್ ಎಂಬ ನೋವಿನ ಗುಳಿಗೆ ನುಂಗಿಸಬೇಡಿ; ಕೀಲು ಬದಲಿಸಿದವರಿಗೆ ರಕ್ತ ತೆಳುವಾಗಿಸುವ ಔಷಧ ನಡೆದಿರುತ್ತದೆ, ಎರಡೂ ಸೇರಿದರೆ ಹೊಟ್ಟೆಯಲ್ಲಿ ರಕ್ತ ಸುರಿಯಬಹುದು.

ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ನಿಂತರೆ ಮೇಲಿನದೆಲ್ಲ ರದ್ದು. ಬಾಯಿಗೆ ಏನೂ ಹಾಕದೆ ಅದೇ ಗಳಿಗೆ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ಬೇಗ ನಡದಾಡಿದ್ರ ಔಷಧ ಇಲ್ಲದ ಸರಿ ಹೋಗತೈತೇನ್ರಿ? (ವಿಜಯಪುರ)

ಉತ್ತರ: ನಡಿಗೆ ಕಾಲಿನ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತದೆ, ಮೊದಲ ದಿನದಿಂದಲೇ ನಡೆಸಿ. ಟ್ರಾಮಡಾಲ್ ಕಟ್ಟಿದ ಗಂಟನ್ನು ಅದೊಂದೇ ಬಿಚ್ಚುವುದಿಲ್ಲ.

ಪ್ರಶ್ನೆ: ಊರಾಗಿನ ಒಬ್ಬರು ಎನಿಮಾ ಕೊಡ್ತಾರ. ಮೂಲವ್ಯಾಧಿ ಆಪರೇಷನ್ ಆಗಿ ಮೂರು ದಿನ ಆತು, ತಗೋಬಹುದಾ? (ಗೋಕಾಕ)

ಉತ್ತರ: ಹಸಿ ಗಾಯದೊಳಗೆ ನಳಿಗೆ ತೂರಿಸಲು ಬಿಡುತ್ತೀರಾ? ಖಂಡಿತ ಬೇಡ.