ವಿಎಆರ್ ಬ್ಯಾಕ್‌ಟೆಸ್ಟ್: 250 ದಿನಕ್ಕೆ 6 ಎಕ್ಸೆಪ್ಶನ್

> "99% ಒಂದು ದಿನದ ವಿಎಆರ್, 250 ದಿನದಲ್ಲಿ 6 ಸಲ ನಷ್ಟ ಮಿತಿ ದಾಟಿದೆ. ಮಾಡೆಲ್ ಓಕೆನಾ, ಬಿಸಾಕ್ಬೇಕಾ?"

ಬಿಸಾಕೋ ಮಟ್ಟಕ್ಕಿಲ್ಲ, ಆದ್ರೆ ಓಕೆ ಅಂತ ಸೈನ್ ಹಾಕೋ ಮಟ್ಟಕ್ಕೂ ಇಲ್ಲ. 99% ವಿಎಆರ್ ಅಂದ್ರೆ ನೂರರಲ್ಲಿ 99 ದಿನ ನಷ್ಟ ದಾಟಬಾರದ ಮಿತಿ, ಅದು ದಾಟಿದ ದಿನವೇ ಎಕ್ಸೆಪ್ಶನ್. 250 ದಿನಕ್ಕೆ ನಿರೀಕ್ಷೆ 2.5 ಅಷ್ಟೇ, ಆದ್ರೆ ಮಾಡೆಲ್ ನೂರಕ್ಕೆ ನೂರು ಸರಿ ಇದ್ರೂ ಬರೀ ಅದೃಷ್ಟ ಕೆಟ್ಟು 6 ಅಥವಾ ಜಾಸ್ತಿ ಬರೋ ಸಾಧ್ಯತೆ ಸುಮಾರು 4% ಇರುತ್ತೆ. ಬ್ಯಾಂಕ್‌ಗಳ ಅಂತರರಾಷ್ಟ್ರೀಯ ಬಾಸೆಲ್ ನಿಯಮದ ಲೆಕ್ಕದಲ್ಲಿ 4ರವರೆಗೆ ಹಸಿರು, 5ರಿಂದ 9 ಹಳದಿ, 10 ಅಥವಾ ಜಾಸ್ತಿ ಆದ್ರೆ ಕೆಂಪು, ಅಂದ್ರೆ ನೀವು ಹಳದಿ. ಎಕ್ಸೆಪ್ಶನ್ ಸಂಖ್ಯೆ ನಿರೀಕ್ಷೆಗೆ ಹೊಂದುತ್ತಾ ಅಂತ ನೋಡೋ ಕುಪಿಯೆಕ್ ಟೆಸ್ಟ್ ಹಾಕಿದ್ರೆ 3.56 ಬರುತ್ತೆ, 5% ಮಟ್ಟದ ಮಿತಿ 3.84, ಸೋ ಕೂದಲೆಳೆಯಲ್ಲಿ ಪಾಸ್, 7 ಆಗಿದ್ರೆ ಫೇಲ್.

ಆದ್ರೆ ಈ ಪಾಸನ್ನ ಜಾಸ್ತಿ ನಂಬಬೇಡಿ, 250 ದಿನದ ಡೇಟಾ ತುಂಬಾ ಕಮ್ಮಿ. ನಿಮ್ಮ ಮಾಡೆಲ್ ನಿಜಕ್ಕೂ 98% ಮಾತ್ರ ಕವರ್ ಮಾಡ್ತಿದ್ರೂ 4 ಅಥವಾ ಕಮ್ಮಿ ಬಂದು ಹಸಿರಲ್ಲೇ ಕೂತಿರೋ ಚಾನ್ಸ್ ಸುಮಾರು 44% ಇದೆ!

ಹಾಗಾಗಿ ನಾನಾದ್ರೆ ಮೊದಲು ಆ 6 ದಿನಗಳ ತಾರೀಖು ನೋಡ್ತೀನಿ. ವರ್ಷವಿಡೀ ಚದುರಿದ್ರೆ ಒಂದು ಕಥೆ, ನಾಲ್ಕು ಒಂದೇ ವಾರದಲ್ಲಿ ಬಂದಿದ್ರೆ ಬೇರೆ ಕಥೆ, ಯಾಕಂದ್ರೆ ಆಗ ಮಾರ್ಕೆಟ್ ಏರಿಳಿತ ಜಾಸ್ತಿ ಆದ್ರೂ ವಿಎಆರ್ ಹಳೇ ಶಾಂತ ದಿನಗಳ ಸರಾಸರಿ ಹಿಡ್ಕೊಂಡು ಅಲ್ಲಾಡದೇ ಕೂತಿದೆ ಅಂತ. ಕುಪಿಯೆಕ್ ಬರೀ ಎಣಿಸುತ್ತೆ, ಇದು ಅದಕ್ಕೆ ಕಾಣಲ್ಲ, ಎಕ್ಸೆಪ್ಶನ್‌ಗಳು ಒಂದರ ಹಿಂದೆ ಒಂದು ಬರ್ತಿವೆಯಾ ಅಂತ ನೋಡೋ ಕ್ರಿಸ್ಟೋಫರ್ಸನ್ ಟೆಸ್ಟ್ ಹಾಕಿ. ಹಾಗೇ ಪಿ ಆಂಡ್ ಎಲ್, ಅಂದ್ರೆ ದಿನದ ಲಾಭ-ನಷ್ಟದ ಲೆಕ್ಕದ ಒಳಗೆ ಕಮಿಷನ್ ಆದಾಯ, ದಿನದೊಳಗಿನ ಟ್ರೇಡ್ ಲಾಭ ಸೇರಿದ್ರೆ ತೆಗೆದು, ಹಿಂದಿನ ದಿನದ ಪೊಸಿಶನ್ ಹಾಗೇ ಇಟ್ಟು ಮತ್ತೆ ಎಣಿಸಿ, ಅವು ಕೆಲವು ಎಕ್ಸೆಪ್ಶನ್‌ಗಳನ್ನ ಮುಚ್ಚಿಟ್ಟಿರಬಹುದು.